ಕಿವಿಗೆ ಬೀಳದ ಅಕ್ಷರಕ್ಕೊಂದು ಗುರುತು

ಫ್ರೆಂಚ್ ಭಾಷೆಯಲ್ಲಿ ‘ಮಾಂಜೇ’ ಎಂದು ಉಚ್ಚರಿಸಿದರೆ ಅದು ಊಟಕ್ಕೆ ಸಂಬಂಧಿಸಿದ ಮಾತು ಎಂದು ಯಾರಿಗಾದರೂ ತಿಳಿಯುತ್ತದೆ. ಅದನ್ನೇ ಬರೆದು ತೋರಿಸಿ ಎಂದರೆ ಕಷ್ಟ ಶುರುವಾಗುತ್ತದೆ. ಏಕೆಂದರೆ ಅದೇ ಒಂದು ಉಚ್ಚಾರಕ್ಕೆ ಕನಿಷ್ಠ ಐದು ಬರಹಗಳಿವೆ.

```
manger   ತಿನ್ನುವುದು
mangé    ತಿಂದ (ಪುಲ್ಲಿಂಗ, ಏಕವಚನ)
mangée   ತಿಂದ (ಸ್ತ್ರೀಲಿಂಗ, ಏಕವಚನ)
mangés   ತಿಂದ (ಪುಲ್ಲಿಂಗ, ಬಹುವಚನ)
mangez   ನೀವು ತಿನ್ನುತ್ತೀರಿ
```

ಕಿವಿಗೆ ಐದೂ ಒಂದೇ, ವ್ಯತ್ಯಾಸವೆಲ್ಲ ಕಣ್ಣಿಗೆ. ಕನ್ನಡದಲ್ಲಿ ‘ತಿಂದನು’, ‘ತಿಂದಳು’, ‘ತಿಂದರು’ ಎಂದು ಬಾಯಲ್ಲಿ ಹೇಳುವಾಗಲೇ ಲಿಂಗವೂ ವಚನವೂ ಕೇಳಿಸಿಬಿಡುತ್ತವೆ. ಕೇಳಿದ್ದನ್ನೇ ಬರೆದರೆ ವ್ಯಾಕರಣ ತಾನಾಗಿ ಸರಿಹೋಗುತ್ತದೆ. ಫ್ರೆಂಚಿನಲ್ಲಿ ವ್ಯಾಕರಣದ ದೊಡ್ಡ ಪಾಲು ಪದದ ಕೊನೆಯಲ್ಲಿ, ಯಾರೂ ಉಚ್ಚರಿಸದ ಅಕ್ಷರಗಳಲ್ಲಿ ಅಡಗಿದೆ. ಹೀಗಾಗಿ ಒಂದು ಅಕ್ಷರ ತಪ್ಪಿದಾಗ ತಪ್ಪಿದ್ದು ಕಾಗುಣಿತವೋ, ಲಿಂಗವೋ, ವಚನವೋ, ಕ್ರಿಯಾಪದದ ರೂಪವೋ ಎಂಬುದು ತಪ್ಪನ್ನು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಂತೂ ಗೊತ್ತಾಗುವುದೇ ಇಲ್ಲ.

ಉತ್ತರಪತ್ರಿಕೆ ತಿದ್ದುವ ಮೇಷ್ಟರಿಗೂ ಮೇಡಂಗೂ ಇಲ್ಲಿಂದಲೇ ತೊಡಕು. ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದರೆ ‘ಇಲ್ಲಿ ತಪ್ಪಿದೆ’ ಎಂದಷ್ಟೇ ಆಯಿತು. ಗೆರೆಯ ಮೇಲೆ ಸರಿಯುತ್ತರ ಬರೆದುಕೊಟ್ಟರೆ ಮಕ್ಕಳು ಅದನ್ನು ನೋಡಿ, ಅಂಕ ಎಷ್ಟು ಬಂತೆಂದು ನೋಡಿ, ಪತ್ರಿಕೆ ಮಡಿಚಿ ಬ್ಯಾಗಿಗೆ ಹಾಕುತ್ತಾರೆ. ಅದೇ ತಪ್ಪು ಮುಂದಿನ ಪರೀಕ್ಷೆಯಲ್ಲಿ ಮತ್ತೆ ಬರುತ್ತದೆ. ಈ ಎರಡರ ನಡುವಿನ ಒಂದು ದಾರಿ ಸಂಕೇತಗಳದು. ಉತ್ತರ ಹೇಳಿಕೊಡದೆ, ಇದು ಯಾವ ಜಾತಿಯ ತಪ್ಪು ಎಂಬುದನ್ನು ಮಾತ್ರ ಒಂದೆರಡು ಅಕ್ಷರದಲ್ಲಿ ಅಂಚಿನಲ್ಲಿ ಬರೆಯುವುದು. ಹುಡುಕಿ ಸರಿಪಡಿಸುವ ಕೆಲಸ ಬರೆದವರದ್ದು.

ಕರ್ನಾಟಕದಲ್ಲಿ ಫ್ರೆಂಚನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳುವ ಮಕ್ಕಳು ಶಾಲೆಗಳಲ್ಲೂ ಪಿಯುಸಿಯಲ್ಲೂ ಇದ್ದಾರೆ. ಇವರಲ್ಲಿ ಕೆಲವರು ಫ್ರಾನ್ಸ್ ಸರ್ಕಾರದ ಶಿಕ್ಷಣ ಸಚಿವಾಲಯ ಕೊಡುವ ಡೆಲ್ಫ್ ಪ್ರಮಾಣಪತ್ರದ ಪರೀಕ್ಷೆಗೂ ಕೂರುತ್ತಾರೆ. ಬೆಂಗಳೂರಿನಲ್ಲಿ ಅದನ್ನು ನಡೆಸುವುದು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಈ ಪರೀಕ್ಷೆಯ ಬಿ1 ಹಂತದ ಲಿಖಿತ ಭಾಗದಲ್ಲಿ 45 ನಿಮಿಷದಲ್ಲಿ ಕನಿಷ್ಠ 160 ಪದಗಳ ಒಂದು ಪತ್ರವನ್ನೋ ಲೇಖನವನ್ನೋ ಬರೆಯಬೇಕು. ಅದಕ್ಕೆ 25 ಅಂಕ. ನಿಜವಾದ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಗುರುತುಗಳೊಡನೆ ಮಕ್ಕಳ ಕೈಗೆ ವಾಪಸ್ ಬರುವುದಿಲ್ಲ. ಆದ್ದರಿಂದ ಕಲಿಯುವುದೇನಿದ್ದರೂ ಅದಕ್ಕೆ ಮುಂಚೆ ಶಾಲೆಯಲ್ಲಿ ನಡೆಯುವ ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಆಗಬೇಕು. ಸಂಕೇತಗಳಿಗೆ ಬೆಲೆ ಬರುವುದೂ ಅಲ್ಲೇ.

ಒಂದು ಮಾದರಿ ತೆಗೆದುಕೊಳ್ಳೋಣ. ಕನ್ನಡ ಮನೆಮಾತಿನ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹತ್ತನೇ ತರಗತಿಯ ಒಬ್ಬ ಹುಡುಗಿ. ಶಾಲೆಯಿಂದ ಮೈಸೂರಿಗೆ ಹೋದ ಪ್ರವಾಸದ ಬಗ್ಗೆ ಗೆಳತಿಗೆ ಪತ್ರ ಬರೆಯಬೇಕು ಎಂಬುದು ಪ್ರಶ್ನೆ. ಇಂಥ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನೇ ಆರಿಸಿ ಅವಳ ಪತ್ರದೊಳಗೆ ಇಟ್ಟಿದೆ. ಬಲಗಡೆ ಇರುವುದು ಮೇಡಂ ಹಾಕಿದ ಗುರುತು.

```
Samedi dernier, nous avons allé à Mysore.   Aux
La palais était très belle.                 G
Les filles a mangé dans le bus.             Ac
J'ai manger un bon repas.                   F
Soudain, il pleuvait.                       T
J'ai téléphoné ∧ ma mère.                   Pr
Je manque toi beaucoup.                     → Tu me manques
```

ಗುರುತುಗಳ ಅರ್ಥ ತರಗತಿಯ ಗೋಡೆಯ ಮೇಲೂ ಪ್ರತಿ ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಇರುತ್ತದೆ.

```
Aux  ಸಹಾಯಕ ಕ್ರಿಯಾಪದ ತಪ್ಪು
G    ಪದದ ಲಿಂಗ ತಪ್ಪು
Ac   ಹೊಂದಾಣಿಕೆ ತಪ್ಪು (ಲಿಂಗ, ವಚನ, ಕರ್ತೃ)
F    ಕ್ರಿಯಾಪದದ ರೂಪ ತಪ್ಪು
T    ಕಾಲ ತಪ್ಪು
Pr   ಪ್ರೆಪೊಸಿಷನ್ ತಪ್ಪು
O    ಬರೀ ಕಾಗುಣಿತ
∧    ಏನೋ ಬಿಟ್ಟುಹೋಗಿದೆ
```

ಪಟ್ಟಿಯಲ್ಲಿರುವುದು ಎಂಟೇ ಗುರುತು. ಇದಕ್ಕಿಂತ ತುಂಬ ಉದ್ದವಾದ ಪಟ್ಟಿಗಳೂ ಬಳಕೆಯಲ್ಲಿವೆ, ಇಪ್ಪತ್ತು ಮೂವತ್ತು ಸಂಕೇತಗಳವರೆಗೆ. ಆದರೆ ಪಟ್ಟಿ ಬೆಳೆದಷ್ಟೂ ಮಕ್ಕಳು ಫ್ರೆಂಚ್ ಕಲಿಯುವ ಬದಲು ಸಂಕೇತ ಕಲಿಯುತ್ತಾ ಕೂರಬೇಕಾಗುತ್ತದೆ. ತಿದ್ದುವವರಿಗೂ ನಲವತ್ತನೇ ಪತ್ರಿಕೆಯ ಹೊತ್ತಿಗೆ ಯಾವ ಗುರುತನ್ನು ಯಾವುದಕ್ಕೆ ಹಾಕುತ್ತಿದ್ದೆವು ಎಂಬುದೇ ಕಲಸಿಹೋಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಫ್ರೆಂಚಿನಲ್ಲಿ ಹೊಂದಾಣಿಕೆಗೆ ‘ಅಕೋರ್’, ಅಕ್ಷರದ ಮೇಲಿನ ಗೆರೆಗೆ ‘ಅಕ್ಸಾಂ’ ಎನ್ನುತ್ತಾರೆ. ಎರಡಕ್ಕೂ ಒಂದೇ ‘ಎ’ ಅಕ್ಷರವನ್ನು ಗುರುತಾಗಿ ಬಳಸಿದರೆ, ಅಕ್ಷರದ ಮೇಲೆ ಗೆರೆ ಹಾಕಬೇಕಿದ್ದ ಹುಡುಗ ಬಹುವಚನದ ಎಸ್ ಸೇರಿಸಿ ತರುತ್ತಾನೆ.

ಈಗ ಮೊದಲ ಸಾಲು. ‘ನಾವು ಮೈಸೂರಿಗೆ ಹೋದೆವು’ ಎನ್ನುವುದಕ್ಕೆ ಫ್ರೆಂಚಿನಲ್ಲಿ ಒಂದು ಸಹಾಯಕ ಕ್ರಿಯಾಪದ ಬೇಕು. ಹೆಚ್ಚಿನ ಕ್ರಿಯಾಪದಗಳು ‘ಅವುಆರ್’ ಎಂಬ, ‘ಇಟ್ಟುಕೊಂಡಿರು’ ಅರ್ಥದ ಪದವನ್ನು ಕರೆದುಕೊಳ್ಳುತ್ತವೆ. ಹೋಗು, ಬಾ, ಹುಟ್ಟು, ಸಾಯು ಮುಂತಾದ ಒಂದು ಸಣ್ಣ ಗುಂಪು ಮಾತ್ರ ‘ಎತ್ರ್’ ಎಂಬ, ‘ಇರು’ ಅರ್ಥದ ಪದವನ್ನು ಬಯಸುತ್ತದೆ. ಹುಡುಗಿ ಎಲ್ಲ ಕ್ರಿಯಾಪದಗಳಿಗೂ ಬಳಸಿದ್ದನ್ನೇ ಇಲ್ಲೂ ಬಳಸಿದ್ದಾಳೆ. ಈ ಗುಂಪಿನ ಪಟ್ಟಿಯನ್ನು ಅವಳು ಎಂಟನೇ ತರಗತಿಯಲ್ಲೇ ಬಾಯಿಪಾಠ ಮಾಡಿದ್ದಳು. ಆದ್ದರಿಂದ ಗುರುತು ಸಾಕು, ಉತ್ತರ ಬರೆದುಕೊಡಬೇಕಿಲ್ಲ.

ಇಲ್ಲಿ ಮೇಡಂ ಬೇಕೆಂದೇ ಒಂದು ಕೆಲಸ ಬಿಟ್ಟಿದ್ದಾರೆ. ಸಹಾಯಕ ಪದ ಸರಿಯಾದ ಕೂಡಲೇ ‘ಅಲೇ’ ಎಂಬ ಮುಂದಿನ ಪದಕ್ಕೂ ಕೊನೆಯಲ್ಲಿ ಒಂದು ಎಸ್ ಬರಬೇಕು, ಏಕೆಂದರೆ ಹೋದವರು ಹಲವರು. ಆದರೆ ಈಗ ಅವಳು ಬರೆದಿರುವ ತಪ್ಪು ವಾಕ್ಯದಲ್ಲಿ ಆ ಎಸ್ ಬೇಕಾಗಿಯೇ ಇಲ್ಲ. ಇಲ್ಲದ ತಪ್ಪಿಗೆ ಗುರುತು ಹಾಕಿದರೆ ಹುಡುಗಿಗೆ ದಿಕ್ಕು ತಪ್ಪುತ್ತದೆ. ಅವಳು ಮೊದಲನೆಯದನ್ನು ತಿದ್ದಿ ತಂದ ಮೇಲೆಯೇ ಎರಡನೆಯದು ಹುಟ್ಟುವುದು.

ಎರಡನೇ ಸಾಲು ನೋಡುವವರಿಗೆ ಎರಡು ತಪ್ಪಿನಂತೆ ಕಾಣುತ್ತದೆ. ‘ಪಾಲೆ’, ಅಂದರೆ ಅರಮನೆ, ಫ್ರೆಂಚಿನಲ್ಲಿ ಪುಲ್ಲಿಂಗ. ಅವಳು ಅದರ ಹಿಂದೆ ಸ್ತ್ರೀಲಿಂಗದ ‘ಲಾ’ ಹಾಕಿದ್ದಾಳೆ. ಮುಂದೆ ‘ಸುಂದರ’ ಎನ್ನುವುದಕ್ಕೂ ‘ಬೋ’ ಎಂಬ ಪುಲ್ಲಿಂಗ ರೂಪದ ಬದಲು ‘ಬೆಲ್’ ಎಂಬ ಸ್ತ್ರೀಲಿಂಗ ರೂಪ ಬಳಸಿದ್ದಾಳೆ. ಆತುರದಲ್ಲಿ ತಿದ್ದುವವರು ಎರಡು ಗೆರೆ ಎಳೆದು ಎರಡು ಅಂಕ ಕಳೆಯುತ್ತಾರೆ. ನಿಜವಾಗಿ ಅವಳು ತಪ್ಪಿದ್ದು ಒಂದೇ ಕಡೆ. ಅರಮನೆ ಸ್ತ್ರೀಲಿಂಗ ಎಂದುಕೊಂಡ ಮೇಲೆ ವಿಶೇಷಣವನ್ನು ಅದಕ್ಕೆ ಹೊಂದಿಸಿ ಬರೆದದ್ದು ಪೂರ್ತಿ ಸರಿ. ಹೊಂದಾಣಿಕೆಯ ನಿಯಮ ಅವಳಿಗೆ ಗೊತ್ತು ಎಂಬುದಕ್ಕೆ ಅದೇ ಸಾಕ್ಷಿ. ಕನ್ನಡದಲ್ಲಿ ಅರಮನೆ, ಮೇಜು, ಕಿಟಕಿ ಎಲ್ಲವೂ ನಪುಂಸಕ. ಲಿಂಗವನ್ನು ಅರ್ಥವೇ ತೀರ್ಮಾನಿಸುವುದರಿಂದ ನಮ್ಮ ಮಕ್ಕಳಿಗೆ ಅದನ್ನು ಉರು ಹೊಡೆದು ಅಭ್ಯಾಸವಿಲ್ಲ. ಫ್ರೆಂಚಿನಲ್ಲಿ ಪ್ರತಿ ಪದದ ಜೊತೆ ಅದರ ಲಿಂಗವನ್ನೂ ಕಲಿಯದೆ ಗತಿಯಿಲ್ಲ. ಹಾಗಾಗಿ ಲಿಂಗಕ್ಕೂ ಹೊಂದಾಣಿಕೆಗೂ ಬೇರೆ ಬೇರೆ ಗುರುತು ಇಟ್ಟಿರುವುದು ಸುಮ್ಮನೆ ಅಲ್ಲ. ಮೊದಲನೆಯದಕ್ಕೆ ಮದ್ದು ನಿಘಂಟು, ಎರಡನೆಯದಕ್ಕೆ ಮದ್ದು ವ್ಯಾಕರಣ.

ಮೂರನೇ ಸಾಲನ್ನು ಸರಿಪಡಿಸುವುದು ಸುಲಭ. ‘ಹುಡುಗಿಯರು’ ಎಂದ ಮೇಲೆ ಏಕವಚನದ ‘ಆ’ ಅಲ್ಲ, ಬಹುವಚನದ ‘ಓಂ’ ಬರಬೇಕು. ಎರಡರ ಉಚ್ಚಾರವೂ ಬೇರೆ ಬೇರೆಯಾದ್ದರಿಂದ ವಾಕ್ಯವನ್ನು ಗಟ್ಟಿಯಾಗಿ ಓದಿಕೊಂಡರೆ ಕಿವಿಯೇ ಹಿಡಿದುಕೊಡುತ್ತದೆ. ಆದರೆ ಅದೇ ಹುಡುಗಿ ‘ಅವರು ತಿನ್ನುತ್ತಾರೆ’ ಎನ್ನುವಾಗ ಕೊನೆಯ ಎನ್‌ಟಿ ಅಕ್ಷರಗಳನ್ನು ಬಿಟ್ಟಿದ್ದರೆ ಎಷ್ಟು ಸಲ ಓದಿದರೂ ಪ್ರಯೋಜನವಿಲ್ಲ. ಏಕವಚನಕ್ಕೂ ಬಹುವಚನಕ್ಕೂ ಉಚ್ಚಾರ ‘ಇಲ್ ಮಾಂಜ್’ ಎಂದೇ. ಅಲ್ಲಿ ಕರ್ತೃವಿನ ಕೆಳಗೆ ಬೆರಳಿಟ್ಟು, ಅಲ್ಲಿಂದ ಕ್ರಿಯಾಪದದವರೆಗೆ ಪೆನ್ಸಿಲ್ಲಿನಲ್ಲಿ ಬಾಣ ಎಳೆದು ನೋಡುವುದನ್ನೇ ಅಭ್ಯಾಸ ಮಾಡಿಸಬೇಕು. ಗುರುತು ಒಂದೇ ಆದರೂ ಪರಿಹಾರ ಎರಡು. ಇದನ್ನು ತರಗತಿಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿರಬೇಕು, ಗುರುತು ತಾನಾಗಿ ಹೇಳುವುದಿಲ್ಲ.

ನಾಲ್ಕನೇ ಸಾಲಿನಲ್ಲಿ ಮತ್ತೆ ಆ ‘ಮಾಂಜೇ’. ‘ನಾನು ತಿಂದೆ’ ಎನ್ನಬೇಕಾದ ಕಡೆ ಅವಳು ‘ತಿನ್ನುವುದು’ ಎಂಬ ರೂಪ ಬರೆದಿದ್ದಾಳೆ. ಉಚ್ಚಾರ ಒಂದೇ ಆದ್ದರಿಂದ ಕಿವಿಗೆ ಅನುಮಾನ ಬರಲಿಲ್ಲ. ಇದನ್ನು ಕಾಗುಣಿತದ ಗುರುತಿನ ಕೆಳಗೆ ತಂದರೆ ಅವಳು ಕೊನೆಯ ಅಕ್ಷರ ಬದಲಾಯಿಸಿ ಸುಮ್ಮನಾಗುತ್ತಾಳೆ. ರೂಪದ ಗುರುತು ಹಾಕಿದಾಗ ಮಾತ್ರ ‘ಇಲ್ಲಿ ಕ್ರಿಯಾಪದದ ಯಾವ ರೂಪ ಬೇಕು’ ಎಂಬ ಪ್ರಶ್ನೆ ಏಳುತ್ತದೆ. ಫ್ರಾನ್ಸಿನ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೊಂದು ಹಳೆಯ ಉಪಾಯ ಹೇಳಿಕೊಡುತ್ತಾರೆ. ಅನುಮಾನ ಬಂದ ಕಡೆ ‘ಮಾರು’ ಎಂಬ ಅರ್ಥದ ‘ವಾಂದ್ರ್’ ಪದವನ್ನು ಇಟ್ಟು ನೋಡು ಎನ್ನುತ್ತಾರೆ. ಅದರ ಎರಡು ರೂಪಗಳ ಉಚ್ಚಾರವೇ ಬೇರೆ, ಒಂದು ‘ವಾಂದ್ರ್’, ಇನ್ನೊಂದು ‘ವಾಂದ್ಯು’. ‘ನಾನು ಮಾರಿದೆ’ ಎನ್ನಲು ‘ಜೇ ವಾಂದ್ಯು’ ಎಂದೇ ಬಾಯಿಗೆ ಬರುತ್ತದೆ, ‘ಜೇ ವಾಂದ್ರ್’ ಎಂದು ಬರುವುದಿಲ್ಲ. ಹಾಗಾದರೆ ಇಲ್ಲಿ ಬೇಕಾದದ್ದು ಭೂತಕಾಲದ ರೂಪ ಎಂದು ತೀರ್ಮಾನ. ಕೇಳಿಸದ ವ್ಯತ್ಯಾಸವನ್ನು ಕೇಳಿಸುವಂತೆ ಮಾಡುವ ಈ ಯುಕ್ತಿ ಬಹಳ ಚೆನ್ನಾಗಿದೆ. ಹತ್ತು ವರ್ಷದ ಮಕ್ಕಳೂ ಅದನ್ನು ಬಳಸುತ್ತಾರೆ.

ಐದನೇ ಸಾಲಿನಲ್ಲಿ ಕನ್ನಡವೇ ಸಹಾಯಕ್ಕೆ ಬರುತ್ತದೆ. ‘ಇದ್ದಕ್ಕಿದ್ದಂತೆ ಮಳೆ ಬರುತ್ತಿತ್ತು’ ಎಂದು ಯಾರಾದರೂ ಹೇಳಿದರೆ ನಮ್ಮ ಕಿವಿಗೆ ಕಸಿವಿಸಿಯಾಗುತ್ತದೆ. ‘ಇದ್ದಕ್ಕಿದ್ದಂತೆ ಮಳೆ ಬಂತು’ ಎನ್ನಬೇಕು. ಫ್ರೆಂಚಿನ ಎರಡು ಭೂತಕಾಲಗಳ ನಡುವೆಯೂ ಇಲ್ಲಿ ಇದೇ ವ್ಯತ್ಯಾಸ. ಹಿನ್ನೆಲೆಯಾಗಿ ನಡೆಯುತ್ತಿದ್ದದ್ದು ಒಂದಕ್ಕೆ, ನಡುವೆ ಬಂದು ಮುಗಿದ ಘಟನೆ ಇನ್ನೊಂದಕ್ಕೆ. ಕಾಲದ ಗುರುತು ಕಂಡ ಹುಡುಗಿ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡರೆ ಸಾಕು.

ಆರನೇ ಸಾಲಿನ ತಪ್ಪು ಬಂದದ್ದು ಇಂಗ್ಲಿಷಿನಿಂದ. ಇಂಗ್ಲಿಷಿನಲ್ಲಿ ಫೋನ್ ಮಾಡುವ ಕ್ರಿಯಾಪದದ ಮುಂದೆ ನೇರವಾಗಿ ‘ನನ್ನ ಅಮ್ಮ’ ಎಂದೇ ಬರುತ್ತದೆ, ನಡುವೆ ಏನೂ ಬೇಡ. ಫ್ರೆಂಚಿನಲ್ಲಿ ನಡುವೆ ‘ಆ’ ಎಂಬ ಪ್ರೆಪೊಸಿಷನ್ ಬೇಕು. ಕನ್ನಡದಲ್ಲಿ ನಾವು ‘ಅಮ್ಮನಿಗೆ ಫೋನ್ ಮಾಡಿದೆ’ ಎನ್ನುತ್ತೇವಲ್ಲ, ಆ ‘ಗೆ’ ಪ್ರತ್ಯಯ ಮಾಡುವ ಕೆಲಸವನ್ನೇ ಈ ‘ಆ’ ಇಲ್ಲಿ ಮಾಡುತ್ತದೆ. ಇದರ ತಿರುವುಮುರುವೂ ಇದೆ. ಹಾಡು ಕೇಳುವುದನ್ನು ಹೇಳುವಾಗ ಇಂಗ್ಲಿಷ್ ನಡುವೆ ಒಂದು ಪ್ರೆಪೊಸಿಷನ್ ಬಯಸುತ್ತದೆ. ಕನ್ನಡಕ್ಕೂ ಫ್ರೆಂಚಿಗೂ ಅದು ಬೇಡ. ‘ಹಾಡು ಕೇಳಿದೆ’ ಎಂದರೆ ಮುಗಿಯಿತು. ಮಕ್ಕಳು ಇಲ್ಲೂ ಇಂಗ್ಲಿಷಿನ ದಾರಿ ಹಿಡಿದು ಬೇಡದ ‘ಆ’ ತುರುಕುತ್ತಾರೆ. ಎಲ್ಲ ಕಡೆಯೂ ಕನ್ನಡ ಹೀಗೆ ಕೈಹಿಡಿಯುತ್ತದೆ ಎಂದಲ್ಲ. ಆದರೆ ಈ ಗುರುತಿನ ಎದುರು ‘ಕನ್ನಡದಲ್ಲಿ ಏನೆನ್ನುತ್ತೀಯ?’ ಎಂದು ಒಂದು ಮಾತು ಕೇಳುವ ಮೇಡಂ, ಮಕ್ಕಳ ಬಳಿ ಆಗಲೇ ಇರುವ ಒಂದು ಸಾಧನವನ್ನು ಅವರ ಕೈಗೇ ಕೊಟ್ಟಂತಾಗುತ್ತದೆ.

ಕೊನೆಯ ಸಾಲಿನಲ್ಲಿ ಮಾತ್ರ ಮೇಡಂ ಸಂಕೇತ ಹಾಕಿಲ್ಲ, ಸರಿಯಾದ ವಾಕ್ಯವನ್ನೇ ಬರೆದುಕೊಟ್ಟಿದ್ದಾರೆ. ‘ನಿನ್ನ ನೆನಪು ಬಹಳ ಆಗುತ್ತಿದೆ’ ಎನ್ನುವುದಕ್ಕೆ ಫ್ರೆಂಚಿನವರು ‘ನೀನು ನನಗೆ ಇಲ್ಲವಾಗಿದ್ದೀಯೆ’ ಎಂಬಂಥ ಅರ್ಥದಲ್ಲಿ ‘ತ್ಯು ಮ ಮಾಂಕ್’ ಎನ್ನುತ್ತಾರೆ. ಇದು ಯಾವ ನಿಯಮದಿಂದಲೂ ಊಹಿಸಿ ಬರುವುದಲ್ಲ, ನುಡಿಗಟ್ಟಾಗಿ ಕಲಿಯಬೇಕಾದದ್ದು. ಎರಡನೇ ಭಾಷೆಯ ಬರವಣಿಗೆಯ ತಿದ್ದುವಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಡೇನಾ ಫೆರಿಸ್ ತಪ್ಪುಗಳಲ್ಲಿ ಎರಡು ಬಗೆ ಮಾಡುತ್ತಾರೆ. ನಿಯಮ ನೋಡಿ ವಿದ್ಯಾರ್ಥಿಯೇ ಸರಿಪಡಿಸಬಹುದಾದವು ಒಂದು ಬಗೆ. ಪದದ ಆಯ್ಕೆ, ನುಡಿಗಟ್ಟು, ವಾಕ್ಯದ ಕಟ್ಟಣೆಯಂಥ, ನಿಯಮಕ್ಕೆ ಸಿಗದವು ಇನ್ನೊಂದು. ಸಂಕೇತ ಸಲ್ಲುವುದು ಮೊದಲನೆಯದಕ್ಕೆ. ಎರಡನೆಯದರ ಎದುರು ‘ಪದ ತಪ್ಪು’ ಎಂದು ಗುರುತು ಹಾಕಿ ಕೈಬಿಟ್ಟರೆ ಮಗು ನಿಘಂಟು ತಿರುವಿ ಇನ್ನೂ ದೊಡ್ಡ ತಪ್ಪು ಹೊತ್ತು ತರುತ್ತದೆ.

ಇದೇ ಮಾತು ಇನ್ನೂ ಕಲಿಸದ ನಿಯಮಗಳಿಗೂ ಅನ್ವಯಿಸುತ್ತದೆ. ಹುಡುಗಿ ಪತ್ರದ ಇನ್ನೊಂದು ಕಡೆ ‘ನಾನು ಕೊಂಡ ಹೂಗಳು ಅಮ್ಮನಿಗೆ’ ಎಂದು ಬರೆದಿದ್ದಾಳೆ.

```
Les fleurs que j'ai acheté sont pour ma mère.
```

ನಿಯಮದ ಪ್ರಕಾರ ಹೂಗಳು ಕ್ರಿಯಾಪದಕ್ಕಿಂತ ಮೊದಲೇ ಬಂದಿರುವುದರಿಂದ ‘ಕೊಂಡ’ ಎಂಬ ಪದಕ್ಕೆ ಸ್ತ್ರೀಲಿಂಗ ಬಹುವಚನದ ಎರಡು ಅಕ್ಷರ ಹೆಚ್ಚಿಗೆ ಸೇರಬೇಕು. ಆ ಎರಡೂ ಅಕ್ಷರಗಳಿಗೆ ಉಚ್ಚಾರವಿಲ್ಲ. 16ನೇ ಶತಮಾನದ ಕವಿ ಕ್ಲೆಮಾಂ ಮಾರೋ ಇಟಲಿಯ ಭಾಷೆಯನ್ನು ಮಾದರಿಯಾಗಿಟ್ಟುಕೊಂಡು ಎತ್ತಿಹಿಡಿದ ಈ ನಿಯಮ ಇವತ್ತಿಗೂ ಫ್ರೆಂಚರನ್ನೇ ಎಡವಿಸುತ್ತದೆ. ಹತ್ತನೇ ತರಗತಿಯ ಈ ಮಗುವಿಗೆ ಅದನ್ನು ಇನ್ನೂ ಹೇಳಿಕೊಟ್ಟಿಲ್ಲ. ಅಲ್ಲಿ ಹೊಂದಾಣಿಕೆಯ ಗುರುತು ಹಾಕಿದರೆ ಅವಳು ತನಗೆ ಗೊತ್ತಿರುವ ನಿಯಮ ಹಿಡಿದು ಕರ್ತೃವಿನ ಕಡೆ ನೋಡುತ್ತಾಳೆ. ಕರ್ತೃ ‘ನಾನು’. ಏನೂ ತಪ್ಪು ಕಾಣುವುದಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡು, ಸರಿಯಿದ್ದ ಬೇರೆ ಏನನ್ನೋ ಕೆಡಿಸಿ ತರುತ್ತಾಳೆ. ಮೇಡಂ ಅದನ್ನು ಮುಟ್ಟದೆ ಬಿಟ್ಟದ್ದೇ ಸರಿ.

ತಿದ್ದುವವರು ತಾವೇ ಎಡವುವ ಒಂದು ಜಾಗವನ್ನೂ ಹೇಳಬೇಕು. 1990ರ ಡಿಸೆಂಬರಿನಲ್ಲಿ ಫ್ರಾನ್ಸಿನ ಸರ್ಕಾರಿ ಪತ್ರಿಕೆಯಲ್ಲಿ ಕಾಗುಣಿತದ ಕೆಲವು ಸುಧಾರಣೆಗಳು ಪ್ರಕಟವಾದವು. ಕೆಲವು ಪದಗಳಲ್ಲಿ ಐ ಮತ್ತು ಯು ಅಕ್ಷರಗಳ ಮೇಲಿನ ಟೋಪಿಯಂಥ ಗುರುತನ್ನು ಬಿಡಬಹುದು ಎಂಬುದು ಅವುಗಳಲ್ಲೊಂದು. ಹಳೆಯ ಬರಹವೂ ಸರಿ, ಹೊಸದೂ ಸರಿ. ‘ತಿಳಿದಿರು’ ಎಂಬ ಅರ್ಥದ ‘ಕೊನೆತ್ರ್’ ಪದವನ್ನು ಟೋಪಿಯಿಲ್ಲದೆ ಬರೆದ ಮಗುವಿಗೆ ಕಾಗುಣಿತದ ಗುರುತು ಹಾಕಿದರೆ ತಪ್ಪು ತಿದ್ದುವವರದ್ದು.

ಇಷ್ಟೆಲ್ಲ ಗುರುತು ಹಾಕುವ ಮುಂಚೆ ಪತ್ರಿಕೆಯನ್ನು ಒಮ್ಮೆ ಪೆನ್ನು ಕೈಯಲ್ಲಿ ಹಿಡಿಯದೆ ಪೂರ್ತಿ ಓದಬೇಕು. ಪತ್ರ ಪತ್ರದಂತಿದೆಯೇ, ಪ್ರವಾಸದ ಘಟನೆಗಳು ಬಂದಿವೆಯೇ, ಅವಳಿಗೆ ಏನನಿಸಿತು ಎಂಬುದು ಬಂದಿದೆಯೇ ಎಂದು ನೋಡಲು ಈ ಓದು. ಡೆಲ್ಫ್ ಬಿ1ಕ್ಕೆ ಬಹಳ ವರ್ಷ ಬಳಕೆಯಲ್ಲಿದ್ದ ಅಂಕಪಟ್ಟಿಯನ್ನು ನೋಡಿದರೆ ಇದರ ತೂಕ ತಿಳಿಯುತ್ತದೆ. 25ರಲ್ಲಿ 13 ಅಂಕ ವಿಷಯಕ್ಕೂ ಅದನ್ನು ಜೋಡಿಸಿದ ರೀತಿಗೂ, 6 ಪದಸಂಪತ್ತಿಗೆ, 6 ವ್ಯಾಕರಣಕ್ಕೆ. ಇನ್ನೂ ಗಮನಿಸಬೇಕಾದದ್ದೆಂದರೆ, ಕಾಗುಣಿತ ಅದರಲ್ಲಿ ಎರಡು ಕಡೆ ಬರುತ್ತದೆ. ಪದದ ಕಾಗುಣಿತಕ್ಕೆ ಪದಸಂಪತ್ತಿನ ಭಾಗದಲ್ಲಿ 2 ಅಂಕ, ವ್ಯಾಕರಣದಿಂದ ಬರುವ ಕಾಗುಣಿತಕ್ಕೆ ವ್ಯಾಕರಣದ ಭಾಗದಲ್ಲಿ 2 ಅಂಕ. ‘ಮಾಂಜೇ’ಯ ಕೊನೆಯ ಅಕ್ಷರ ತಪ್ಪಿದ್ದನ್ನು ಪದ ತಪ್ಪಿದ್ದರ ಜೊತೆ ಕಲಸಬಾರದು ಎಂಬ ವಿವೇಕ ಪರೀಕ್ಷೆಯ ಪಟ್ಟಿಯಲ್ಲೇ ಇದೆ. ಈ ಮಾದರಿ ಪತ್ರದಲ್ಲಿ ವ್ಯಾಕರಣದ ತಪ್ಪುಗಳು ಎಷ್ಟೇ ಇದ್ದರೂ 13 ಅಂಕದ ಭಾಗದಲ್ಲಿ ಹುಡುಗಿಗೆ ಒಳ್ಳೆಯ ಪಾಲೇ ಸಿಗಬೇಕು. ಗುರುತುಗಳನ್ನು ಎಣಿಸಿ ಅಂಕ ಕಳೆಯುವವರು ಇದನ್ನು ಮರೆಯುತ್ತಾರೆ.

ಸಂಕೇತ ಹಾಕಿದರೆ ಮಕ್ಕಳು ನಿಜವಾಗಿ ಸುಧಾರಿಸುತ್ತಾರೆಯೇ? ಈ ಪ್ರಶ್ನೆಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. 1982ರಲ್ಲಿ ಜಾನ್ ಲಲಾಂಡ್ ಅಮೆರಿಕದಲ್ಲಿ ಜರ್ಮನ್ ಕಲಿಯುತ್ತಿದ್ದ ವಿದ್ಯಾರ್ಥಿಗಳ ಮೇಲೆ ಸಂಕೇತ ಪದ್ಧತಿಯನ್ನು ಪ್ರಯೋಗಿಸಿದರು. ತಪ್ಪುಗಳನ್ನು ಬರೆದಿಡುವ ಒಂದು ಹಾಳೆಯನ್ನೂ ಜೊತೆಗೆ ಕೊಟ್ಟಿದ್ದರು. ಫಲಿತಾಂಶ ಸಂಕೇತದ ಪರವಾಗಿತ್ತು. 1986ರಲ್ಲಿ ಜಪಾನಿನ ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ನಾಲ್ಕು ರೀತಿಯಲ್ಲಿ ತಿದ್ದಿ ನೋಡಿದ ರಾಬ್, ರಾಸ್ ಮತ್ತು ಶಾರ್ಟ್‌ರೀಡ್ ಅವರಿಗೆ ನಾಲ್ಕರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1996ರಲ್ಲಿ ಜಾನ್ ಟ್ರಸ್ಕಾಟ್ ವ್ಯಾಕರಣ ತಿದ್ದುವುದನ್ನೇ ಕೈಬಿಡಬೇಕು ಎಂದು ವಾದಿಸಿದರು. 2001ರಲ್ಲಿ ಫೆರಿಸ್ ಮತ್ತು ರಾಬರ್ಟ್ಸ್ 72 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಏನೂ ಗುರುತಿಲ್ಲದವರಿಗಿಂತ ಗುರುತು ಪಡೆದವರು ತಮ್ಮ ಬರಹವನ್ನು ಹೆಚ್ಚು ಚೆನ್ನಾಗಿ ತಿದ್ದಿಕೊಂಡರು. ಆದರೆ ಸಂಕೇತ ಪಡೆದವರಿಗೂ ಬರೀ ಅಡಿಗೆರೆ ಪಡೆದವರಿಗೂ ದೊಡ್ಡ ವ್ಯತ್ಯಾಸವಿರಲಿಲ್ಲ.

ಕೊನೆಯ ಈ ಮಾತನ್ನು ಫ್ರೆಂಚ್ ತಿದ್ದುವವರು ತಳ್ಳಿಹಾಕಬಾರದು. ಅಡಿಗೆರೆಯೇ ಸಾಕಾಗುವಲ್ಲಿ ಸಂಕೇತ ಬರೆಯುತ್ತಾ ಕೂರುವುದು ದಂಡ. ಆದರೆ ಆ ಅಧ್ಯಯನ ನಡೆದದ್ದು ಇಂಗ್ಲಿಷ್ ಕಲಿಯುವವರ ಮೇಲೆ. ಕೇಳಿಸದ ಅಕ್ಷರಗಳ ಫ್ರೆಂಚಿನಲ್ಲಿ ಪದದ ಕೊನೆಗೆ ಬರೀ ಗೆರೆ ಎಳೆದರೆ ಮಗುವಿನ ಮುಂದೆ ನಾಲ್ಕೈದು ಸಾಧ್ಯತೆಗಳು ತೆರೆದುಕೊಳ್ಳುತ್ತವೆ, ಅದು ಒಂದೊಂದನ್ನೇ ಹಾಕಿ ನೋಡುತ್ತಾ ಹೋಗುತ್ತದೆ. ಅಲ್ಲಿ ಯಾವ ಜಾತಿಯ ತಪ್ಪು ಎಂದು ಹೇಳುವುದಕ್ಕೆ ಬೆಲೆಯಿದೆ ಎಂಬುದು ಈ ಲೇಖಕರ ಅಭಿಪ್ರಾಯ.

ಕೆಲಸ ಆಗುತ್ತಿದೆಯೋ ಇಲ್ಲವೋ ಎಂದು ತರಗತಿಯಲ್ಲೇ ನೋಡಿಕೊಳ್ಳಲು ಲಲಾಂಡ್ ಬಳಸಿದಂಥ ಒಂದು ಹಾಳೆ ಸಾಕು. ಎಡಗಡೆ ಗುರುತುಗಳು, ಮೇಲ್ಗಡೆ ಪರೀಕ್ಷೆಗಳು, ಪ್ರತಿ ಮನೆಯಲ್ಲಿ ಎಷ್ಟು ಸಲ ಎಂಬ ಸಂಖ್ಯೆ. ಇಲ್ಲಿ ಒಂದು ಲೆಕ್ಕ ತಪ್ಪಬಾರದು. ಹುಡುಗಿ ಮೊದಲ ಪರೀಕ್ಷೆಯಲ್ಲಿ 175 ಪದ ಬರೆದು 14 ತಪ್ಪು ಮಾಡಿದ್ದಳು ಎನ್ನೋಣ. ಎರಡನೆಯದರಲ್ಲಿ 250 ಪದ ಬರೆದು 15 ತಪ್ಪು ಮಾಡಿದ್ದಾಳೆ. ತಪ್ಪು ಒಂದು ಹೆಚ್ಚಾಯಿತು ಎಂದು ಅವಳು ಮುಖ ಸಣ್ಣ ಮಾಡುತ್ತಾಳೆ. ನೂರು ಪದಕ್ಕೆ ಎಷ್ಟು ಎಂದು ನೋಡಿದರೆ 8 ಇದ್ದದ್ದು 6ಕ್ಕೆ ಇಳಿದಿದೆ. ಹಾಳೆಯಲ್ಲಿ ಒಂದೇ ಗುರುತಿನ ಸಾಲು ಮೂರು ಪರೀಕ್ಷೆಯಾದರೂ ಇಳಿಯದಿದ್ದರೆ ಮಗುವಿಗೆ ಆ ನಿಯಮ ತಿಳಿದೇ ಇಲ್ಲ ಎಂದರ್ಥ. ಅದನ್ನು ಇನ್ನೊಂದು ಗುರುತು ಹಾಕಿ ಸರಿಪಡಿಸಲಾಗದು, ಮತ್ತೆ ಪಾಠ ಮಾಡಬೇಕು. ಹೊಂದಾಣಿಕೆಯ ತಪ್ಪು ಇಳಿದು, ಎಲ್ಲೆಂದರಲ್ಲಿ ಬೇಡದ ಎಸ್ ಕಾಣಿಸಿಕೊಳ್ಳತೊಡಗಿದರೆ ಮಗು ನಿಯಮ ಕಲಿತಿಲ್ಲ, ಗುರುತಿಗೆ ಹೆದರಿದೆ ಎಂದು ತಿಳಿಯಬೇಕು.

ಸಮಯದ ಮಾತನ್ನೂ ಮುಚ್ಚಿಡುವಂತಿಲ್ಲ. ಒಂದು ಪತ್ರಿಕೆಗೆ ಎಂಟು ನಿಮಿಷವೆಂದರೆ ನಲವತ್ತು ಮಕ್ಕಳಿಗೆ ಐದು ಗಂಟೆ ಇಪ್ಪತ್ತು ನಿಮಿಷ. ಮಕ್ಕಳು ತಿದ್ದಿ ತಂದದ್ದನ್ನು ಮತ್ತೆ ನೋಡಲು ಇನ್ನೊಂದಿಷ್ಟು. ಮಕ್ಕಳು ಗುರುತುಗಳಿಗೆ ಒಗ್ಗಿದ ಮೇಲೆ ಇದನ್ನು ಹಗುರ ಮಾಡುವ ದಾರಿಯಿದೆ. ಮೊದಲ ತಿಂಗಳುಗಳಲ್ಲಿ ತಪ್ಪಿನ ಕೆಳಗೆ ಗೆರೆಯೂ ಅಂಚಿನಲ್ಲಿ ಗುರುತೂ ಇರಲಿ. ಆಮೇಲೆ ಗೆರೆ ಬಿಟ್ಟು ಗುರುತು ಮಾತ್ರ, ಸಾಲಿನಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಅವರೇ ಹುಡುಕಲಿ. ವರ್ಷದ ಕೊನೆಗೆ ಸಾಲಿನ ಎದುರು ತಪ್ಪುಗಳ ಸಂಖ್ಯೆಯೊಂದೇ ಸಾಕು. ಪರೀಕ್ಷೆಯ ಕೋಣೆಯಲ್ಲಿ ಕೊನೆಯ ಐದು ನಿಮಿಷ ತಮ್ಮ ಪತ್ರವನ್ನು ತಾವೇ ಓದುವಾಗ ಗೆರೆಯಾಗಲಿ ಗುರುತಾಗಲಿ ಸಂಖ್ಯೆಯಾಗಲಿ ಯಾವುದೂ ಇರುವುದಿಲ್ಲ, ಅಲ್ಲಿಗೆ ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುವ ಕ್ರಮವಿದು.

ಎರಡು ದಿನ ಬಿಟ್ಟು ಹುಡುಗಿ ಪತ್ರವನ್ನು ತಿದ್ದಿ ತಂದಳು ಎಂದುಕೊಳ್ಳೋಣ. ಮೊದಲ ಸಾಲಿನಲ್ಲಿ ಈಗ ಸಹಾಯಕ ಪದ ಸರಿಯಾಗಿದೆ. ನಿರೀಕ್ಷಿಸಿದಂತೆಯೇ ಮುಂದಿನ ಪದ ಹಳೆಯ ರೂಪದಲ್ಲೇ ಉಳಿದಿದೆ. ಮೇಡಂ ಈಗ ಅದರ ಎದುರು ಹೊಂದಾಣಿಕೆಯ ಗುರುತು ಹಾಕುತ್ತಾರೆ.

```
nous sommes allé      Ac
nous sommes allés
```

ಹುಡುಗಿ ಎಸ್ ಸೇರಿಸುತ್ತಾಳೆ. ಆಮೇಲೆ ಪೆನ್ನು ತಡೆದು ‘ಮೇಡಂ, ನಾವೆಲ್ಲ ಹುಡುಗಿಯರಲ್ವಾ, ಇನ್ನೊಂದು ಇ ಹಾಕ್ಬೇಕಾ?’ ಎಂದು ಕೇಳುತ್ತಾಳೆ. ಹುಡುಗಿಯರು ಮಾತ್ರ ಹೋಗಿದ್ದರೆ ಹಾಕಬೇಕಿತ್ತು. ಗುಂಪಿನಲ್ಲಿ ಒಬ್ಬ ಹುಡುಗನಿದ್ದರೂ ಫ್ರೆಂಚ್ ವ್ಯಾಕರಣಕ್ಕೆ ಅದು ಪುಲ್ಲಿಂಗ. ‘ಗಣಿತದ ಸರ್ ಬಂದಿರಲಿಲ್ವೇನೇ ನಿಮ್ಮ ಜೊತೆ?’ ಎನ್ನುತ್ತಾರೆ ಮೇಡಂ. ಬಂದಿದ್ದರು. ಹುಡುಗಿ ಎಸ್ ಒಂದನ್ನೇ ಉಳಿಸಿಕೊಂಡು ಎರಡನೇ ಸಾಲಿಗೆ ಹೋಗುತ್ತಾಳೆ.